ಬಾಲಕರ ಸಂಗೀತಾಭ್ಯಾಸಕ್ಕೆ ತಕ್ಕ ವಯಸ್ಸು



ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಈ ಊರುಗಳಲ್ಲಿ ಸಂಗೀತ ಕಲಿಸುವ ಗುರುಗಳ ಮನೆಗೆ ಮಕ್ಕಳ ಕೈಹಿಡಿದುಕೊಂಡು ಬರುವವರು ಕೇಳುವ ಪ್ರಶ್ನೆಯು ಬಹುತರವಾಗಿ ಒಂದೇ ಆಗಿರುವದು. "ಹುಡುಗನಿಗೆ ಐದು ತುಂಬಿತು, ಪಾಠಕ್ಕೆ ಹಚ್ಚಬಹುದೋ, ಇನ್ನೂ ತಡೆಯಬೇಕೋ?" ಈ ಪ್ರಶ್ನೆಗೆ ಒಬ್ಬ ಗುರುವು ಐದು ಎಂದೂ, ಮತ್ತೊಬ್ಬನು ಎಂಟು ಎಂದೂ, ಮೂರನೆಯವನು ಹತ್ತು ಎಂದೂ ಉತ್ತರ ಕೊಡುವದುಂಟು. ಮೂವರೂ ತಮ್ಮ ತಮ್ಮ ಶಿಷ್ಯರನ್ನು ಕಂಡೇ ಹೇಳುವರಾದುದರಿಂದ ಯಾರ ಮಾತನ್ನೂ ಸುಳ್ಳೆನ್ನಲಾಗದು. ಆದರೆ ಆ ಒಂದು ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳು ಸೇರಿಕೊಂಡಿರುವವು. ಮಗುವಿನ ಕಿವಿಗೆ ಸಂಗೀತವು ಬೀಳಬೇಕಾದುದು ಯಾವಾಗಿನಿಂದ, ಎಂಬುದು ಒಂದು. ಗುರುಮುಖವಾಗಿ ಕ್ರಮಪಾಠವು ಆರಂಭವಾಗಬೇಕಾದುದು ಯಾವಾಗ, ಎಂಬುದು ಇನ್ನೊಂದು. ಮೊದಲನೆಯದಕ್ಕೆ ಕಾಲದ ಕಟ್ಟಿಲ್ಲ. ತೊಟ್ಟಿಲಿನಿಂದಲೇ ಅದು ಆರಂಭವಾಗುವದು. ಎರಡನೆಯದಕ್ಕೆ ಸಾಮಾನ್ಯವಾಗಿ ಏಳರಿಂದ ಒಂಬತ್ತರ ಒಳಗಿನ ಕಾಲವು ಯೋಗ್ಯವೆನ್ನಬಹುದು. ಆದರೆ ಅಲ್ಲಿಯೂ ವರ್ಷವು ಕೇವಲ ದಾರಿಯ ಬದಿಯ ಕಲ್ಲು. ಮಗುವಿನಲ್ಲಿ ಕಾಣುವ ಲಕ್ಷಣಗಳೇ ನಿಜವಾದ ಪ್ರಮಾಣ. ಆ ಲಕ್ಷಣಗಳು ಯಾವವು, ಅವನ್ನು ಮನೆಯಲ್ಲಿಯೇ ಪರೀಕ್ಷಿಸುವ ಬಗೆ ಯಾವದು, ಎಂಬುದೇ ಇಂದಿನ ವಿಷಯ. ವಾದ್ಯಗಳ ಮಾತು ಬೇರೆಯಾದುದರಿಂದ ಇಲ್ಲಿ ಹಾಡುಗಾರಿಕೆಯನ್ನೇ ಮುಖ್ಯವಾಗಿ ಹಿಡಿಯಲಾಗಿದೆ.

ಮೊದಲು ಕೇಳುವಿಕೆಯ ಮಾತು. ಈ ಸೀಮೆಯ ಮಗುವಿಗೆ ಸಂಗೀತವು ಹೊರಗಿನಿಂದ ತಂದುಕೊಡಬೇಕಾದ ವಸ್ತುವಲ್ಲ. ಸೋಮವಾರದ ಭಜನೆ, ಶ್ರಾವಣದ ರಾತ್ರಿಗಳು, ಶ್ರೀಕೃಷ್ಣ ಪಾರಿಜಾತದ ಆಟ, ಇವುಗಳಲ್ಲಿ ಮಗುವು ತಾಯಿಯ ತೊಡೆಯ ಮೇಲೆ ಮಲಗಿಯೇ ಹಾರ್ಮೋನಿಯಂ, ತಬಲಾ, ತಾಳಗಳ ನಾದವನ್ನು ಕುಡಿಯುವದು. ಹಿಂದಿ ಚಿತ್ರಪಟಗಳಲ್ಲಿ ಹಾಡಿ ಹೆಸರಾದ ಅಮೀರಬಾಯಿ ಕರ್ನಾಟಕಿಯವರು ಬೀಳಗಿಯವರೇ. ಅವರ ಅಕ್ಕ ಗೋಹರಬಾಯಿಯವರೂ ರಂಗಭೂಮಿಯಲ್ಲಿ ಹಾಡಿದವರೇ. ಒಂದೇ ಮನೆಯಿಂದ ಇಬ್ಬರು ಗಾಯಕಿಯರು ಹೊರಟರೆಂಬುದನ್ನು ಕಂಡಾಗ, ಮನೆಯ ಕಿವಿ ಎಂಬುದೊಂದು ಉಂಟೆಂದು ಒಪ್ಪಬೇಕಾಗುವದು. ಧಾರವಾಡದಲ್ಲಿ ೧೯೧೩ರಲ್ಲಿ ಹುಟ್ಟಿದ ಗಂಗೂಬಾಯಿ ಹಾನಗಲ್ಲರ ತಾಯಿ ಅಂಬಾಬಾಯಿಯವರು ಕರ್ನಾಟಕ ಪದ್ಧತಿಯ ಗಾಯಕಿಯರು. ಮಗಳು ಹಿಂದುಸ್ತಾನಿ ಪದ್ಧತಿಯನ್ನು ಕಲಿಯತೊಡಗಿದಾಗ ಅವಳ ಕಿವಿಯಲ್ಲಿ ಎರಡು ದಾರಿಗಳು ಕಲಸಿಹೋಗಬಾರದೆಂದು ಆ ತಾಯಿಯು ತನ್ನ ಹಾಡುಗಾರಿಕೆಯನ್ನೇ ನಿಲ್ಲಿಸಿದಳು. ಪಾಠವು ಗುರುವಿನಿಂದ ಬಂದರೂ ಕಿವಿಯು ಮನೆಯಲ್ಲಿ ಬೆಳೆಯುವದೆಂಬುದನ್ನು ಆಕೆಯು ಬಲ್ಲವಳಾಗಿದ್ದಳು.

ಜಪಾನದ ಶಿನಿಚಿ ಸುಜುಕಿ (೧೮೯೮–೧೯೯೮) ಎಂಬ ಪಿಟೀಲು ವಿದ್ವಾಂಸನು ಮೂರು ನಾಲ್ಕು ವರ್ಷದ ಮಕ್ಕಳಿಗೂ ಅಳತೆಗೆ ತಕ್ಕ ಚಿಕ್ಕ ಪಿಟೀಲು ಕೊಟ್ಟು ಕಲಿಸಿದನು. ಮಗುವು ತಾಯಿನುಡಿಯನ್ನು ಹೇಗೆ ಕಲಿಯುವದೋ ಹಾಗೆಯೇ ಸಂಗೀತವನ್ನೂ ಕಲಿಯುವದೆಂಬುದು ಅವನ ಮತ. ಇದನ್ನು ಕೇಳಿ ನಮ್ಮಲ್ಲಿಯೂ ಮೂರನೆಯ ವರ್ಷಕ್ಕೆ ಪಾಠ ಹಚ್ಚುವವರು ಉಂಟು. ಆದರೆ ಅವರು ಆ ಪದ್ಧತಿಯ ಅರ್ಧವನ್ನು ಮಾತ್ರ ತೆಗೆದುಕೊಳ್ಳುವರು. ಸುಜುಕಿಯ ಪದ್ಧತಿಯಲ್ಲಿ ತಾಯಿ ಅಥವಾ ತಂದೆಯು ಪಾಠದಲ್ಲಿ ಜೊತೆಗೆ ಕುಳಿತು, ತಾನೂ ಆರಂಭದ ಪಾಠಗಳನ್ನು ಕಲಿತು, ದಿನಾಲು ಮನೆಯಲ್ಲಿ ಮಗುವಿನೊಡನೆ ಅಭ್ಯಾಸ ಮಾಡಬೇಕು. ಮಗುವು ಕಲಿಯಬೇಕಾದ ಮಟ್ಟುಗಳನ್ನು ಮನೆಯಲ್ಲಿ ಮತ್ತೆ ಮತ್ತೆ ಕೇಳಿಸಬೇಕು. ಮನೆಯವರಾರೂ ಹಾಡದೆ, ಕೇಳದೆ, ವಾರಕ್ಕೆರಡು ಸಲ ಮಗುವನ್ನು ಗುರುವಿನ ಮನೆಯ ಹೊಸ್ತಿಲಲ್ಲಿ ಬಿಟ್ಟುಬರುವದಕ್ಕೂ ಆ ಪದ್ಧತಿಗೂ ಸಂಬಂಧವಿಲ್ಲ.

ಬೇಗನೆ ಆರಂಭಿಸಬೇಕೆನ್ನುವವರು ಶಾಸ್ತ್ರಜ್ಞರ ಶೋಧಗಳನ್ನು ತೋರಿಸುವದುಂಟು. ಯಾವ ಆಧಾರಸ್ವರವನ್ನೂ ಕೇಳದೆ, ಬಂದ ನಾದವು ಇಂಥದೇ ಎಂದು ಹೆಸರಿಸುವ ಶಕ್ತಿಯು ಹೆಚ್ಚಾಗಿ ಆರೇಳು ವರ್ಷಗಳೊಳಗೆ ಅಭ್ಯಾಸ ಆರಂಭಿಸಿದವರಲ್ಲಿಯೇ ಕಾಣುವದೆಂಬುದು ನಿಜ. ಆದರೆ ನಮ್ಮ ಸಂಗೀತಕ್ಕೆ ಆ ಶಕ್ತಿಯು ಅವಶ್ಯವಾದುದಲ್ಲ. ನಮ್ಮಲ್ಲಿ ಷಡ್ಜವು ಗಾಯಕನ ಕಂಠವನ್ನು ನೋಡಿ ಇಡತಕ್ಕದ್ದು. ಇಂದು ಕರಿ ಒಂದಾದುದು ನಾಳೆ ಬಿಳಿ ಎರಡಾಗಬಹುದು. ಆ ಷಡ್ಜದಿಂದ ಉಳಿದ ಸ್ವರಗಳು ಎಷ್ಟೆಷ್ಟು ದೂರದಲ್ಲಿವೆಯೆಂಬ ಅರಿವೇ ಇಲ್ಲಿ ಮುಖ್ಯವಾದುದು. ಅದು ಹತ್ತು ಹನ್ನೆರಡರಲ್ಲಿಯೂ, ದೊಡ್ಡವರಾದ ಮೇಲೂ ಬೆಳೆಯಬಲ್ಲದು. ಕೆನಡಾ ದೇಶದ ಮಾಂಟ್ರಿಯಲ್ ನಗರದ ಸಂಶೋಧಕರು ೨೦೧೩ರಲ್ಲಿ ಪ್ರಕಟಿಸಿದ ಶೋಧದಲ್ಲಿ, ಏಳು ವರ್ಷಕ್ಕೆ ಮೊದಲು ವಾದ್ಯಾಭ್ಯಾಸ ಆರಂಭಿಸಿದವರು ಅಷ್ಟೇ ವರ್ಷ ಅಭ್ಯಾಸ ಮಾಡಿದ ತಡವಾದವರಿಗಿಂತ ಲಯಕ್ಕೆ ಸರಿಯಾಗಿ ಬೆರಳು ತಟ್ಟುವದರಲ್ಲಿ ತುಸು ಮುಂದಿದ್ದರೆಂದು ಕಂಡುಬಂದಿತು. ಅದು ಕೈ ಮತ್ತು ಲಯಗಳ ಮಾತು. ನಮ್ಮ ಮಗುವು ಭಜನೆಯಲ್ಲಿ ತಾಳ ಹಿಡಿದು ಕುಳಿತರೆ ಆ ಲಾಭದ ಬಾಗಿಲು ಪಾಠವಿಲ್ಲದೆಯೇ ತೆರೆಯುವದು. ಆದುದರಿಂದ ಆರಕ್ಕೆ ಮುಂಚೆ ಪಾಠವಾಗದಿದ್ದರೆ ಕಾಲ ಮೀರಿತೆಂಬ ಭಯಕ್ಕೆ ಆಧಾರವಿಲ್ಲ.

ಇನ್ನು ಲಕ್ಷಣಗಳಿಗೆ ಬರುವ ಮೊದಲು, ಲಕ್ಷಣವೆಂದು ತಪ್ಪಾಗಿ ತಿಳಿಯಲ್ಪಡುವ ಎರಡು ಸಂಗತಿಗಳನ್ನು ಬೇರೆ ಮಾಡಿ ಇಡಬೇಕು.

ಮೊದಲನೆಯದು ಅನುಕರಣೆ. ಬೆಳಗಾವಿಯ ಹತ್ತಿರದ ಸುಳೇಭಾವಿಯಲ್ಲಿ ೧೯೨೪ರಲ್ಲಿ ಹುಟ್ಟಿದ ಶಿವಪುತ್ರ ಕೋಂಕಾಳಿಮಠ ಎಂಬ ಬಾಲಕನು ಗ್ರಾಮೋಫೋನ್ ತಟ್ಟೆಗಳಲ್ಲಿ ಕೇಳಿದ ದೊಡ್ಡ ಗವಾಯಿಗಳ ಹಾಡುಗಳನ್ನು ಎಳೆಯ ವಯಸ್ಸಿನಲ್ಲಿಯೇ ಯಥಾವತ್ತಾಗಿ ಹಾಡಿ ಸಭೆಗಳನ್ನು ಬೆರಗುಗೊಳಿಸಿದನು. ಆಗಲೇ ಅವನಿಗೆ ಕುಮಾರ ಗಂಧರ್ವನೆಂಬ ಬಿರುದು ಬಂದಿತು. ಇಷ್ಟಾದರೂ ಅವನ ತಂದೆಯು ಅವನನ್ನು ಸುಮಾರು ಹನ್ನೊಂದನೆಯ ವಯಸ್ಸಿನಲ್ಲಿ ಮುಂಬಯಿಯ ಪ್ರೊಫೆಸರ ಬಿ. ಆರ್. ದೇವಧರರ ಬಳಿ ಪಾಠಕ್ಕೆ ಬಿಟ್ಟನು. ಸಭೆಯನ್ನು ಗೆದ್ದ ಹುಡುಗನಿಗೆ ಪಾಠವೇಕೆ? ತಟ್ಟೆಯಲ್ಲಿದ್ದುದನ್ನು ಇದ್ದಂತೆ ತಿರುಗಿ ಹೇಳುವದು ಒಂದು ಶಕ್ತಿ. ಆ ಸ್ವರಗಳು ಹಾಗೆಯೇ ಏಕೆ ಬಂದುವೆಂದು ತಿಳಿದು, ಇಲ್ಲದ ಹೊಸದನ್ನು ಅದೇ ರಾಗದಲ್ಲಿ ಕಟ್ಟುವದು ಇನ್ನೊಂದು. ಮುಂದೆ ಕುಮಾರ ಗಂಧರ್ವರು ತಮ್ಮದೇ ಆದ ದಾರಿಯನ್ನು ಹಿಡಿದು ದೇಶದಲ್ಲಿ ಪ್ರಸಿದ್ಧರಾದುದು ಆ ಎರಡನೆಯ ಶಕ್ತಿಯಿಂದ. ಅಂಥ ಪ್ರತಿಭೆಗೂ ಕ್ರಮಪಾಠವು ಹನ್ನೊಂದರಲ್ಲಿ ತಡವಾಗಲಿಲ್ಲ. ಆದುದರಿಂದ ಮೊಬೈಲಿನಲ್ಲಿ ಕೇಳಿದ ಹಾಡನ್ನು ಮಗುವು ಒಪ್ಪಿಸಿತೆಂದ ಮಾತ್ರಕ್ಕೆ ಅದು ಪಾಠಕ್ಕೆ ಸಿದ್ಧವಾಯಿತೆನ್ನಲಾಗದು. ಹಾಡಿನ ನಡುವಿನ ಸಾಲನ್ನು ಮಾತ್ರ ಹಾಡೆಂದು ಕೇಳಬೇಕು; ಮೊದಲಿನಿಂದ ಓಡಿಬರದೆ ಅದನ್ನು ಹಾಡಲಾರದ ಮಗುವಿನಲ್ಲಿ ಇರುವದು ಇನ್ನೂ ಅನುಕರಣೆಯೇ.

ಎರಡನೆಯದು ಇದರ ವಿರುದ್ಧವಾದುದು. ಮಕ್ಕಳಿಗೆ ಹೆಚ್ಚಿನ ಕೇಡಾಗುವದು ಇದರಿಂದಲೇ. ಐದು ವರ್ಷದ ಮಗುವು ಹಾಡುವಾಗ ಸ್ವರವು ತಪ್ಪಿದರೆ, "ಇದಕ್ಕೆ ಸುರ್ ಇಲ್ಲ" ಎಂದು ಹಿರಿಯರು ತೀರ್ಪು ಕೊಟ್ಟುಬಿಡುವರು. ಆ ಮಾತು ಮಗುವಿನ ಕಿವಿಗೆ ಬಿದ್ದರೆ ಅದು ಮುಂದೆ ಬಾಯಿ ತೆರೆಯದು. ಆದರೆ ಕೇಳುವ ಕಿವಿ ಬೇರೆ, ಹಾಡುವ ಕಂಠ ಬೇರೆ. ಚಿಕ್ಕ ಮಕ್ಕಳಲ್ಲಿ ಕಿವಿಯು ಮುಂದೆ, ಕಂಠವು ಹಿಂದೆ ಇರುವದು ಸಹಜ. ಕಂಠದ ಸ್ನಾಯುಗಳು ಕಿವಿಯ ಅಪ್ಪಣೆಯನ್ನು ಪಾಲಿಸಲು ಕಲಿಯುವದಕ್ಕೆ ಕಾಲ ಬೇಕು. ಐದರಲ್ಲಿ ತಪ್ಪುತ್ತಿದ್ದ ಅನೇಕ ಮಕ್ಕಳು ಏಳೆಂಟರಲ್ಲಿ ತಾವಾಗಿಯೇ ಸ್ವರ ಸೇರುವರು. ಕಿವಿ ಇದೆಯೋ ಇಲ್ಲವೋ ಎಂದು ತಿಳಿಯಬೇಕಾದರೆ ಮಗುವಿನಿಂದ ಹಾಡಿಸಲೇ ಬಾರದು. ಅದಕ್ಕೆ ಚೆನ್ನಾಗಿ ಗೊತ್ತಿರುವ ಒಂದು ಪದವನ್ನು ಹಿರಿಯರು ಹಾಡುತ್ತ, ನಡುವೆ ಒಂದು ಸ್ವರವನ್ನು ಬೇಕೆಂದೇ ತಪ್ಪಿಸಬೇಕು. ಮಗುವು ನಗುವದೋ, ಹುಬ್ಬು ಗಂಟಿಕ್ಕುವದೋ, "ಹಂಗಲ್ಲ" ಎನ್ನುವದೋ ಮಾಡಿದರೆ ಕಿವಿಯು ಸರಿಯಾಗಿಯೇ ಇದೆ. ಹೀಗೆ ಹಲವು ಸಲ ಮಾಡಿದರೂ ತಿಳಿಯದಿದ್ದರೆ, ಮೊದಲು ವೈದ್ಯರಿಂದ ಕಿವಿಯನ್ನು ನೋಡಿಸತಕ್ಕದ್ದು. ನೆಗಡಿಯಿಂದ ಕಿವಿಯೊಳಗೆ ನೀರು ನಿಂತು ಕೇಳುವಿಕೆಯು ಮಂದವಾಗಿರುವದು ಮಕ್ಕಳಲ್ಲಿ ಸಾಮಾನ್ಯ. ಸ್ವರಭೇದವನ್ನು ಜನ್ಮತಃ ಅರಿಯಲಾರದವರು ಉಂಟಾದರೂ ಅಂಥವರು ಅತಿ ವಿರಳ.

ಈಗ ಸಿದ್ಧತೆಯ ಲಕ್ಷಣಗಳು. ಅವು ನಾಲ್ಕು.

ಮೊದಲನೆಯದು ಷಡ್ಜಕ್ಕೆ ಮರಳುವದು. ತಂಬೂರಿಯೊಡನೆ ಮಗುವು ಸ್ವರ ಕೂಡಿಸುವದಷ್ಟೇ ಸಾಲದು. ತಂಬೂರಿಯು ನಿಂತ ಮೇಲೆ, ನಡುವೆ ನಾಲ್ಕು ಮಾತು ಬೇರೆಯಾಡಿದ ಮೇಲೆ, ಅದೇ ಷಡ್ಜವನ್ನು ಹುಡುಕಿ ಹಿಡಿಯಬೇಕು. ಎರಡನೆಯದು ಲಯವು ಮೈಯಲ್ಲಿ ನಿಲ್ಲುವದು. ಎಂಟು ಮಾತ್ರೆಯ ಕೆಹರವಾಕ್ಕೆ ಹಿರಿಯರೊಡನೆ ಚಪ್ಪಾಳೆ ತಟ್ಟುತ್ತಿರುವಾಗ ಹಿರಿಯರು ಒಂದು ಆವರ್ತನ ಸುಮ್ಮನಾದರೂ ಮಗುವು ಒಂದೇ ವೇಗದಲ್ಲಿ ತಟ್ಟಿಕೊಂಡು ಸಮಕ್ಕೆ ಸರಿಯಾಗಿ ಬಂದು ಕೂಡಬೇಕು. ಮೂರನೆಯದು ನೆನಪು ಮತ್ತು ತಾನೇ ತಿದ್ದಿಕೊಳ್ಳುವದು. ನಾಲ್ಕೈದು ಸ್ವರಗಳ ಒಂದು ತುಣುಕನ್ನು ಇಂದು ಹೇಳಿಕೊಟ್ಟರೆ ನಾಳೆ ಅದು ಉಳಿದಿರಬೇಕು. ತಪ್ಪಿದಾಗ ಯಾರೂ ಹೇಳದೆಯೇ ಮಗುವು ನಿಂತು ಮತ್ತೆ ಹಿಡಿಯಬೇಕು. ಈ ಮೂರರಲ್ಲಿ ಇದೇ ಹೆಚ್ಚಿನದು. ಏಕೆಂದರೆ ಗುರುವಿಲ್ಲದ ಹೊತ್ತಿನಲ್ಲಿ ಅಭ್ಯಾಸವು ಸರಿಯಾದ ದಾರಿಯಲ್ಲಿ ನಡೆಯುವದು ಇದರಿಂದ ಮಾತ್ರ. ನಾಲ್ಕನೆಯದು ಕುಳಿತುಕೊಳ್ಳುವ ತಾಳ್ಮೆ ಮತ್ತು ಬೇಕೆಂಬ ಬಯಕೆ. ಹದಿನೈದು ನಿಮಿಷ ಒಂದೆಡೆ ಕುಳಿತು, ತಿದ್ದಿದರೆ ಮುಖ ಬಾಡಿಸದೆ, ಮರುದಿನ ತಾನಾಗಿ ಬಂದು ಕೇಳುವದು ಅದರ ಗುರುತು.

ಬಯಕೆಯು ಎಂಥದಿರಬಹುದೆಂಬುದಕ್ಕೆ ಗದುಗಿನ ಭೀಮಸೇನ ಜೋಶಿಯವರ ಬಾಲ್ಯವೇ ಸಾಕ್ಷಿ. ೧೯೨೨ರಲ್ಲಿ ಹುಟ್ಟಿದ ಆ ಹುಡುಗನು ಊರಲ್ಲಿ ಭಜನೆಯೋ ಮೆರವಣಿಗೆಯ ವಾದ್ಯವೋ ಕೇಳಿದೊಡನೆ ಅದರ ಹಿಂದೆಯೇ ಹೋಗಿ, ದಣಿದಲ್ಲಿ ಮಲಗಿಬಿಡುತ್ತಿದ್ದನು. ಹುಡುಕಿ ಸೋತ ತಂದೆಯು ಕೊನೆಗೆ ಅವನ ಅಂಗಿಯ ಮೇಲೆ ಇವನು ಜೋಶಿ ಮಾಸ್ತರನ ಮಗನೆಂದು ಬರೆಯಿಸಿದನು. ೧೯೩೩ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ, ಅವನು ಗುರುವನ್ನು ಹುಡುಕಿ ಮನೆಬಿಟ್ಟೇ ಹೋದನು. ತಂದೆಯು ಹಚ್ಚಿದ ಪಾಠಕ್ಕೂ ಮಗುವೇ ಬೆನ್ನುಹತ್ತಿದ ಪಾಠಕ್ಕೂ ಇರುವ ಅಂತರವು ಇಲ್ಲಿ ಕಾಣುವದು. ಎಲ್ಲ ಮಕ್ಕಳೂ ಹೀಗೆ ಓಡಬೇಕೆಂದಲ್ಲ. ಹೇಳದೆಯೇ ತಂಬೂರಿಯ ಹತ್ತಿರ ಬಂದು ಕೂಡ್ರುವದು ಸಾಮಾನ್ಯ ಮಗುವಿನಲ್ಲಿ ಸಾಕಾದ ಗುರುತು.

ಈ ನಾಲ್ಕನ್ನೂ ಪರೀಕ್ಷಿಸುವ ಕ್ರಮವನ್ನು ಒಂದು ಉದಾಹರಣೆಯಿಂದ ತೋರಿಸಬಹುದು. ಬನಹಟ್ಟಿಯ ನೇಕಾರರ ಮನೆಯೊಂದನ್ನು ಭಾವಿಸೋಣ. ಏಳೂವರೆ ವರ್ಷದ ಹುಡುಗಿ. ಹದಿಮೂರು ವರ್ಷದ ಅಣ್ಣ. ತಂದೆಯು ಭಜನೆಯ ಮೇಳದವನು. ನೆರೆಮನೆಯ ಮಗುವು ನಾಲ್ಕರಲ್ಲಿಯೇ ಪಾಠಕ್ಕೆ ಹೋಗುವದರಿಂದ ತನ್ನ ಮಗಳು ಹಿಂದೆ ಬಿದ್ದಳೆಂದು ಅವನ ಚಿಂತೆ. ಮಗಳಿಗೆ ಕಂಠವೇ ಒರಟಾಗಿದೆ, ಸಂಗೀತವು ಬಾರದೆಂದು ಅಜ್ಜಿಯ ಅಭಿಪ್ರಾಯ.

ಪರೀಕ್ಷೆಯನ್ನು ಎಂಟು ದಿನಗಳ ಮೇಲೆ ಹರಡಬೇಕು. ಪರೀಕ್ಷೆಯೆಂದು ಮಗುವಿಗೆ ತಿಳಿಯಗೊಡಬಾರದು. ಒಂದೇ ದಿನದ ಪರೀಕ್ಷೆಯಲ್ಲಿ ನಿದ್ದೆ, ಹಸಿವು, ಅಂಜಿಕೆಗಳೇ ಉತ್ತರ ಕೊಡುವವು. ಮೊದಲ ದಿನ ಯಾವ ಶ್ರುತಿಯನ್ನೂ ಹಿಡಿಯದೆ ಹುಡುಗಿಗೆ ಇಷ್ಟವಾದ ಪದವನ್ನು ಹಾಡಗೊಡಬೇಕು. ಅವಳು ತಾನಾಗಿ ಹಿಡಿದ ಷಡ್ಜವು ಯಾವದೆಂದು ಹಾರ್ಮೋನಿಯಂ ಮೇಲೆ ಹುಡುಕಿಕೊಳ್ಳಬೇಕು. ಅದು ಕರಿ ಐದಕ್ಕೆ ಬಂದಿತೆನ್ನೋಣ. ಮುಂದಿನ ದಿನಗಳಲ್ಲಿ ತಂಬೂರಿಯನ್ನು ಅಲ್ಲಿಯೇ ಕೂಡಿಸತಕ್ಕದ್ದು. ತಂಬೂರಿ ಇಲ್ಲದ ಮನೆಯಲ್ಲಿ ವಿದ್ಯುತ್ ತಂಬೂರಿಯಾದರೂ ನಡೆಯುವದು. ಹಾರ್ಮೋನಿಯಂ ಮೇಲೆ ಹಾಡಿನ ಪ್ರತಿ ಸ್ವರವನ್ನೂ ಒತ್ತುತ್ತ ಹೋದರೆ ಮಗುವು ಅದರ ಬೆನ್ನೇರಿ ಹೋಗುವದು. ಅದರ ಕಿವಿ ಎಷ್ಟರದೆಂಬುದು ತಿಳಿಯದು.

ಎರಡನೆಯ, ನಾಲ್ಕನೆಯ, ಏಳನೆಯ ದಿನಗಳಲ್ಲಿ ಷಡ್ಜಕ್ಕೆ ಮರಳುವದನ್ನು ಹತ್ತತ್ತು ಸಲ ನೋಡಲಾಯಿತು. ಮೊದಲ ಸಲ ಹತ್ತರಲ್ಲಿ ನಾಲ್ಕು, ಮುಂದೆ ಆರು, ಕೊನೆಗೆ ಎಂಟು ಸರಿಯಾದುವು. ಇಲ್ಲಿ ಎಂಟೆಂಬ ಎಣಿಕೆಗಿಂತ ನಾಲ್ಕರಿಂದ ಎಂಟಕ್ಕೆ ಏರಿದುದೇ ಮುಖ್ಯ. ಕಲಿಸದೆಯೇ, ಕೇಳಿದ ಮಾತ್ರಕ್ಕೆ ಸುಧಾರಿಸಿದ ಮಗುವು ಕಲಿಸಿದರೆ ಕಲಿಯುವದು. ಮೂರೂ ದಿನ ನಾಲ್ಕರಲ್ಲಿಯೇ ನಿಂತಿದ್ದರೆ ಆರು ತಿಂಗಳು ಆಟಪಾಟಗಳಲ್ಲಿ ಹಾಡಿಸಿ ಮತ್ತೆ ನೋಡಬೇಕಾಗುತ್ತಿತ್ತು. ಚಪ್ಪಾಳೆಯಲ್ಲಿ ಹುಡುಗಿಯು ಹಿರಿಯರು ಸುಮ್ಮನಾದೊಡನೆ ಅವಸರಪಟ್ಟು ಸಮಕ್ಕೆ ಮೊದಲೇ ಬಂದಳು. ಇದು ಈ ವಯಸ್ಸಿನ ಸಾಮಾನ್ಯ ದೋಷ. ಪಾಠವನ್ನು ತಡೆಯುವ ಕಾರಣವಲ್ಲ. ಹೇಳಿಕೊಟ್ಟ ತುಣುಕು ಮರುದಿನವೂ ನೆನಪಿನಲ್ಲಿದ್ದಿತು. ಮೂರನೆಯ ಸ್ವರದಲ್ಲಿ ತಪ್ಪಿದಾಗ ತಾನೇ ನಿಂತು ತಿದ್ದಿಕೊಂಡಳು. ಕುಳಿತುಕೊಂಡುದು ಹತ್ತು ನಿಮಿಷ ಮಾತ್ರ. ಆದರೆ ಐದನೆಯ ದಿನ ಯಾರೂ ಕರೆಯದಿದ್ದರೂ ಬಂದಳು.

ಅಜ್ಜಿಯು ಹೇಳಿದ ಒರಟು ಕಂಠಕ್ಕೆ ಕಾರಣವು ಬೇರೆಯಾಗಿದ್ದಿತು. ವಿದ್ಯುತ್ ಮಗ್ಗಗಳು ಓಡುವ ಮನೆಯಲ್ಲಿ ಮಾತು ಕೇಳಿಸಬೇಕಾದರೆ ಎಲ್ಲರೂ ಕೂಗಿಯೇ ಆಡಬೇಕು. ಮಗುವೂ ದಿನವೆಲ್ಲ ಕೂಗಿಯೇ ಆಡುವದು. ಮುಂಜಾನೆ ಮಗ್ಗಗಳು ಹೊರಡುವ ಮೊದಲು ಕೇಳಿದರೆ ಅದೇ ಕಂಠವು ತಿಳಿಯಾಗಿದ್ದಿತು. ಆದುದರಿಂದ ನಿರ್ಣಯವು ಹೀಗಾಯಿತು: ಪಾಠವು ಈಗಲೇ ಆರಂಭವಾಗಲಿ, ಆದರೆ ಬೆಳಿಗ್ಗೆ ಹತ್ತು ನಿಮಿಷ, ಮಗ್ಗದ ಸಪ್ಪಳವಿಲ್ಲದಾಗ, ಸಂಜೆ ಹತ್ತು ನಿಮಿಷ, ಮಗ್ಗಗಳಿಂದ ದೂರವಾದ ಸ್ಥಳದಲ್ಲಿ. ಮೊದಲ ತಿಂಗಳು ಷಡ್ಜ, ಬಳಿಕ ಷಡ್ಜ-ಪಂಚಮಗಳು ಮಾತ್ರ. ಎರಡನೆಯ ತಿಂಗಳು ಭೂಪ ರಾಗದ ಐದು ಸ್ವರಗಳಲ್ಲಿ ಎರಡೆರಡು ಮೂರು ಮೂರರ ಅಲಂಕಾರಗಳು. ಮೂರನೆಯ ತಿಂಗಳು ಅದೇ ರಾಗದಲ್ಲಿ, ಕೆಹರವಾದಲ್ಲಿ, ಒಂದು ಚಿಕ್ಕ ಪದ. ತಾಳವನ್ನು ಕುಳಿತು ಎಣಿಸುವ ಬದಲು ಅಂಗಳದಲ್ಲಿ ನಡೆಯುತ್ತ ಹೆಜ್ಜೆಗೊಂದು ಮಾತ್ರೆಯಂತೆ ಕಲಿಸತಕ್ಕದ್ದು. ಅವಸರದ ದೋಷಕ್ಕೆ ಅದೇ ಔಷಧ. ಮೂರು ತಿಂಗಳ ಕೊನೆಗೆ ತಂಬೂರಿಯಿಲ್ಲದೆ ಪದವನ್ನು ಮುಗಿಸಿ, ಬಳಿಕ ತಂಬೂರಿಯನ್ನು ಮೀಟಿ ನೋಡಿದಾಗ ಷಡ್ಜವು ಸರಿದಿರದಿದ್ದರೆ ಪಾಠವು ನೆಲೆಗೊಂಡಿತೆಂದು ತಿಳಿಯಬಹುದು.

ಪಾಠವು ಯೋಗ್ಯ ಕಾಲಕ್ಕೆ ಆರಂಭವಾದರೂ ಶ್ರುತಿಯು ಅಯೋಗ್ಯವಾದರೆ ಕಂಠವು ಕೆಡುವದು. ಏಳೆಂಟು ವರ್ಷದ ಮಗುವಿನ ಕಂಠಕ್ಕೆ ಸುಖವಾದ ವಿಸ್ತಾರವು ಸುಮಾರು ಒಂದು ಸಪ್ತಕದಷ್ಟು. ಭಜನೆಯಲ್ಲಿ ಗಂಡಸರು ಕರಿ ಒಂದನ್ನು ಷಡ್ಜವಾಗಿ ಹಿಡಿದಾಗ ಮಗುವು ಅವರಿಗಿಂತ ಒಂದು ಸಪ್ತಕ ಮೇಲೆ ಹಾಡುವದು. ಪದವು ಮಧ್ಯ ಸಪ್ತಕದಲ್ಲಿ ಇರುವವರೆಗೆ ತೊಂದರೆಯಿಲ್ಲ. ಗಂಡಸರು ಉತ್ಸಾಹದಿಂದ ತಾರ ಗಾಂಧಾರ, ಪಂಚಮಗಳಿಗೆ ಏರಿದೊಡನೆ ಮಗುವು ತನ್ನ ಸಪ್ತಕದಲ್ಲಿ ಅಲ್ಲಿಗೆ ತಲುಪಲಾರದು. ಕೂಗಿ ಮುಟ್ಟಲು ಹೋಗುವದು. ಇಂಥ ಒತ್ತಡದ ಗುರುತುಗಳನ್ನು ನಮ್ಮ ಹಿರಿಯರು ಚೆನ್ನಾಗಿ ಬಲ್ಲರು. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಸೇವುಣರ ಆಶ್ರಯದಲ್ಲಿದ್ದ ಶಾರ್ಙ್ಗದೇವನು ಸಂಗೀತರತ್ನಾಕರದಲ್ಲಿ ಗಾಯಕನ ಇಪ್ಪತ್ತೈದು ದೋಷಗಳನ್ನು ಎಣಿಸಿರುವನು. ಒಂಟೆಯಂತೆ ಕೊರಳನ್ನು ಎತ್ತಿ ಹಾಡುವವನು ಕರಭನೆಂದೂ, ಕೊರಳು ಮುಖಗಳ ನರಗಳು ಉಬ್ಬುವಂತೆ ಹಾಡುವವನು ಝೊಂಬಕನೆಂದೂ, ಬಾಯಿಯನ್ನು ಅತಿಯಾಗಿ ತೆರೆಯುವವನು ಕರಾಲಿಯೆಂದೂ ಅವನ ಎಣಿಕೆ. ಮಗುವಿನಲ್ಲಿ ಇವುಗಳಲ್ಲಿ ಒಂದು ಕಂಡರೂ ತಾಯಿಯು ಗುರುವಿಗೆ ತಿಳಿಸಬೇಕು. ಹಾಡಿದ ಮರುದಿನ ಮುಂಜಾನೆ ಕಂಠವು ಒಡೆದಿದ್ದರೆ ಹಿಂದಿನ ದಿನದ ಶ್ರುತಿಯು ಹೆಚ್ಚಾಗಿತ್ತು, ಅಥವಾ ಹೊತ್ತು ಹೆಚ್ಚಾಗಿತ್ತು ಎಂದೇ ಅರ್ಥ. ಆ ಒಡಕು ಎರಡು ವಾರಗಳಾದರೂ ಇಳಿಯದಿದ್ದರೆ ಹಾಡಿಸುವದನ್ನು ನಿಲ್ಲಿಸಿ ವೈದ್ಯರಿಗೆ ತೋರಿಸತಕ್ಕದ್ದು.

ಅದೇ ಶಾರ್ಙ್ಗದೇವನು ಶಾರೀರವೆಂಬ ಗುಣವನ್ನೂ ಹೇಳಿರುವನು. ಅಭ್ಯಾಸವಿಲ್ಲದೆಯೇ ರಾಗವನ್ನು ಹೊರತರಬಲ್ಲ, ಶರೀರದೊಡನೆಯೇ ಹುಟ್ಟಿಬರುವ ಕಂಠಶಕ್ತಿಗೆ ಆ ಹೆಸರು. ಅದು ಇದ್ದವರಲ್ಲಿ ಬೇಗನೆ ಕಾಣುವದು. ಆದರೆ ಆ ಗುಣವಿರುವ ಮಗುವನ್ನೇ ಮೇಳದವರು ಹೆಚ್ಚಾಗಿ ದುಡಿಸಿಕೊಳ್ಳುವರು. ರಾತ್ರಿಯ ಆಟಕ್ಕೆ ಅದೇ ಮಗು, ಜಾತ್ರೆಗೂ ಅದೇ ಮಗು. ಆದುದರಿಂದ ಶಾರೀರವಿದ್ದವರಿಗೆ ಬೇಗನೆ ಪಾಠ ಕೊಡುವದಕ್ಕಿಂತಲೂ ಅವರ ಹಾಡುವ ಹೊತ್ತಿಗೆ ಮಿತಿಯನ್ನು ಹಾಕುವದು ಮೊದಲ ಕರ್ತವ್ಯ.

ಇನ್ನು ಆ ಮನೆಯ ಹದಿಮೂರು ವರ್ಷದ ಅಣ್ಣನ ಮಾತು. ತಂಗಿಯನ್ನು ಕಂಡು ಅವನಿಗೂ ಆಸೆಯಾಯಿತು; ಆದರೆ ಅವನ ಕಂಠವು ಒಮ್ಮೆ ದಪ್ಪ, ಒಮ್ಮೆ ಸಣ್ಣದಾಗಿ ನಡುವೆ ಒಡೆಯುತ್ತಿದ್ದಿತು. ಹುಡುಗರಲ್ಲಿ ಹನ್ನೆರಡರಿಂದ ಹದಿನೈದರ ಸುಮಾರಿಗೆ ಕಂಠವು ಬದಲಾಗಿ ಸುಮಾರು ಒಂದು ಸಪ್ತಕದಷ್ಟು ಕೆಳಗಿಳಿಯುವದು; ಹುಡುಗಿಯರಲ್ಲಿಯೂ ಬದಲಾವಣೆ ಉಂಟು, ಆದರೆ ಒಂದೆರಡು ಸ್ವರಗಳಷ್ಟೇ. ಈ ಕಾಲದಲ್ಲಿ ಅನೇಕರು ಎರಡು ತಪ್ಪುಗಳಲ್ಲಿ ಒಂದನ್ನು ಮಾಡುವರು. ಹಳೆಯ ಶ್ರುತಿಯಲ್ಲಿಯೇ ಒತ್ತಿ ಹಾಡಿಸುವದು ಒಂದು. ಕಂಠ ಹೋಯಿತೆಂದು ಸಂಗೀತವನ್ನೇ ಬಿಡಿಸುವದು ಇನ್ನೊಂದು. ಯೋಗ್ಯವಾದುದು ಇವೆರಡರ ನಡುವೆ ಇದೆ. ಕಂಠವು ಇಳಿದಂತೆ ಷಡ್ಜವನ್ನೂ ತಿಂಗಳಿಗೊಮ್ಮೆ ಹೊಸದಾಗಿ ಹುಡುಕಿ ಇಳಿಸಬೇಕು. ಸುಖವಾಗಿ ಬರುವ ಐದಾರು ಸ್ವರಗಳಲ್ಲಿಯೇ ಮೆಲ್ಲಗೆ ಹಾಡಿಸಬೇಕು. ಉಳಿದ ಹೊತ್ತನ್ನು ತಾಳ, ತಬಲಾ, ರಾಗಗಳನ್ನು ಕೇಳಿ ಗುರುತಿಸುವದು ಇವುಗಳಿಗೆ ಕೊಡಬೇಕು. ಹೊಸದಾಗಿ ಆರಂಭಿಸುವವನಿಗೂ ಇದೇ ದಾರಿ. ಅವನ ಕಿವಿಯೂ ಲಯವೂ ತಂಗಿಗಿಂತ ಬೇಗನೆ ಮುಂದುವರಿಯುವವು. ಕಂಠವು ನೆಲೆಗೊಂಡ ಮೇಲೆ ಅದೂ ಜೊತೆಗೂಡುವದು. ಹದಿಮೂರು ಮೀರಿತೆಂದು ಅವನನ್ನು ಹಿಂದಕ್ಕೆ ಕಳಿಸತಕ್ಕದ್ದಲ್ಲ.

ಇಷ್ಟನ್ನು ಕೂಡಿಸಿ ಹೇಳುವದಾದರೆ, ಆರು ವರ್ಷದವರೆಗೆ ಮಗುವಿಗೆ ಕೇಳುವದು, ಕುಣಿಯುವದು, ತಾಳ ಹಿಡಿಯುವದು, ಮನೆಯವರೊಡನೆ ಹಾಡುವದು ಇಷ್ಟೇ ಸಾಕು. ಅದೇ ಅದರ ಪಾಠ. ಏಳರಿಂದ ಒಂಬತ್ತರ ಒಳಗೆ ನಾಲ್ಕು ಲಕ್ಷಣಗಳಲ್ಲಿ ಮೂರು ನೆಲೆನಿಂತು, ನಾಲ್ಕನೆಯದು ಮೊಳೆತಿದ್ದರೆ ಗುರುವಿನ ಬಳಿಗೆ ಕರೆದೊಯ್ಯಬಹುದು. ಬಯಕೆಯೊಂದೇ ಇಲ್ಲದಿದ್ದರೆ ಉಳಿದ ಮೂರು ಇದ್ದರೂ ಆರು ತಿಂಗಳು ತಡೆಯುವದು ಲೇಸು. ಬಯಕೆಯೊಂದೇ ಇದ್ದು ಉಳಿದವು ತಡವಾದರೆ ಹತ್ತೇ ನಿಮಿಷಗಳ ಪಾಠವನ್ನು ಆರಂಭಿಸಿಬಿಡುವದು ಲೇಸು. ಭಜನೆಯ ಮೇಳದ ಹಿರಿಯರಲ್ಲಿ ಒಂದು ವಿಜ್ಞಾಪನೆಯುಂಟು. ಮಕ್ಕಳನ್ನು ಮುಂದಿನ ಸಾಲಿನಲ್ಲಿ ತಂಬೂರಿಯ ಹತ್ತಿರ, ಧ್ವನಿವರ್ಧಕದಿಂದ ದೂರದಲ್ಲಿ ಕೂಡ್ರಿಸಿರಿ. ರಾತ್ರಿಯ ಮೊದಲ ಎರಡು ಪದಗಳನ್ನು ಮಕ್ಕಳ ಕಂಠಕ್ಕೆ ಸಲ್ಲುವ ಶ್ರುತಿಯಲ್ಲಿ ಹಾಡಿರಿ. ತಪ್ಪಿದ ಮಗುವನ್ನು ಸಭೆಯಲ್ಲಿ ತಿದ್ದದೆ, ಅದೇ ಸಾಲನ್ನು ಇನ್ನೊಮ್ಮೆ ಎಲ್ಲರೂ ಹಾಡಿರಿ. ಆ ಎರಡನೆಯ ಸಲಕ್ಕೆ ಮಗುವು ತಾನಾಗಿ ಸರಿಪಡಿಸಿಕೊಂಡರೆ, ಮರುದಿನವೇ ಅದರ ತಾಯಿತಂದೆಗಳಿಗೆ ಆ ಸಂಗತಿಯನ್ನು ತಿಳಿಸಿರಿ.